ಎಷ್ಟು ಪರ್ಸೆಂಟ್ ಅಂತ ಕೇಳಬೇಡಿ

"ಕೆಲಸ 60 ಪರ್ಸೆಂಟ್ ಮುಗದೈತಿ." ಅಥಣಿ ಕಡೆ ಯಾವುದೇ ಕಾಮಗಾರಿ ಕೇಳಿದರೂ ಇಂಥದ್ದೇ ಉತ್ತರ. ನನಗೆ ಇದಕ್ಕಿಂತ ದೊಡ್ಡ ಸುಳ್ಳು ಗೊತ್ತಿಲ್ಲ.

ಕೃಷ್ಣೆಗೊಂದು ಸೇತುವೆ ಅಂದುಕೊಳ್ಳಿ. ಅಕ್ಟೋಬರ್ 1ಕ್ಕೆ ಶುರು. ದಂಡೆಯ ಜಮೀನು ಕೈಗೆ ಬರಲು 2 ತಿಂಗಳು, ಪಾಯ ಮತ್ತು ಕಂಬಕ್ಕೆ 5, ಮೇಲಿನ ಸ್ಲ್ಯಾಬಿಗೆ 6. ಒಂದು ಮುಗಿಯದೆ ಇನ್ನೊಂದಿಲ್ಲ. ಒಟ್ಟು 13 ತಿಂಗಳು. ಆಚೆ ದಡದ ಕೂಡುರಸ್ತೆಗೆ 3 ತಿಂಗಳು ಸಾಕು, ಈ 13ರೊಳಗೆ ಯಾವಾಗ ಮಾಡಿದರೂ ನಡೆಯುತ್ತೆ. ರಸ್ತೆಗಿರುವ ಆ 10 ತಿಂಗಳ ಪುರುಸೊತ್ತಿಗೆ ಫ್ಲೋಟ್ ಅಂತಾರೆ. ಫ್ಲೋಟೇ ಇಲ್ಲದ ಮೊದಲ ಸರಪಳಿಯೇ ಕ್ರಿಟಿಕಲ್ ಪಾತ್. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಹುಟ್ಟಿದ ಲೆಕ್ಕ ಇದು.

ಈಗ ಜಮೀನು 2 ತಿಂಗಳು ತಡವಾಯಿತು ಅನ್ನಿ. ಪಾಯ ಡಿಸೆಂಬರ್ ಬದಲು ಫೆಬ್ರವರಿಗೆ ಶುರು. ಮೇ ಕೊನೆಗೆ 4 ತಿಂಗಳ ಕೆಲಸ ಮುಗಿದಿರುತ್ತೆ, ಇನ್ನೊಂದು ತಿಂಗಳದ್ದು ಬಾಕಿ. ಅಷ್ಟರಲ್ಲಿ ಮಳೆಗಾಲ. ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದದ್ದೆಲ್ಲ ಇಲ್ಲಿಗೇ ಬರೋದು. 2019ರ ಆಗಸ್ಟ್ ಮರೆತಿಲ್ಲವಲ್ಲ? ಉಳಿದ ಕೆಲಸ ನೀರಿಳಿದ ಮೇಲೆ, ಡಿಸೆಂಬರಿಗೆ. ಏಪ್ರಿಲ್ ಕೊನೆಗೆ ಮುಗಿಯಬೇಕಾದ ಕಂಬ ಡಿಸೆಂಬರ್ ಕೊನೆಗೆ. 2 ತಿಂಗಳ ತಡ 8 ತಿಂಗಳಾಯಿತು.

ಈ ನಡುವೆ ಗುತ್ತಿಗೆದಾರ ಸುಮ್ಮನೆ ಕೂರಲ್ಲ. ಕೂಡುರಸ್ತೆ ಮುಗಿಸಿ ಬಿಲ್ ಎತ್ತುತ್ತಾನೆ. ಪರ್ಸೆಂಟ್ ಏರುತ್ತೆ, ಸೇತುವೆ ಒಂದು ದಿನವೂ ಹತ್ತಿರ ಬರಲ್ಲ.

ಆದ್ದರಿಂದ ಪರ್ಸೆಂಟ್ ಕೇಳಬೇಡಿ. ಕ್ರಿಟಿಕಲ್ ಪಾತಿನಲ್ಲಿ ಈಗ ಯಾವ ಕೆಲಸ ನಿಂತಿದೆ, ನದಿ ಏರಲು ಎಷ್ಟು ದಿನ ಉಳಿದಿದೆ, ಇವೆರಡನ್ನೇ ಕೇಳಿ. ಉತ್ತರ ಇಲ್ಲದಿದ್ದರೆ ಅಲ್ಲಿ ವೇಳಾಪಟ್ಟಿಯೇ ಇಲ್ಲ, ಬರೀ ಬಿಲ್ ಪಟ್ಟಿ.