ಹೆಸರು ಆರಿಸಬೇಕಾದದ್ದು ಒಂದನೇ ತರಗತಿಯ ನಾಲಗೆ

ಆಟೋಟದ ದಿನಕ್ಕೆ ಒಂದು ಮ್ಯಾಸ್ಕಾಟ್ ಬೇಕು ಅಂತ ತೀರ್ಮಾನವಾದರೆ ಪ್ರಾಣಿಯ ಚಿತ್ರ ಬರೆಯುವುದು ದೊಡ್ಡ ಕೆಲಸವಲ್ಲ. ಕಾರ್ಡ್‌ಬೋರ್ಡ್ ಕತ್ತರಿಸಿ ಬಣ್ಣ ಹಚ್ಚಿದರೆ ಆಯಿತು. ಕಷ್ಟ ಇರುವುದು ಹೆಸರಿನಲ್ಲಿ. ಹೆಸರು ಇಡುವವರು ಸ್ಟಾಫ್ ರೂಮಿನಲ್ಲಿ ಕುಳಿತ ನಾವು, ಕೂಗಬೇಕಾದವರು ಒಂದನೇ, ಎರಡನೇ ತರಗತಿಯ ಮಕ್ಕಳು. ಮಕ್ಕಳ ಬಾಯಲ್ಲಿ ಹೇಳಿಸಿ ನೋಡದೆ ಬ್ಯಾನರ್ ಬರೆಸಬಾರದು ಎಂಬುದು ನಮ್ಮ ಅಭಿಪ್ರಾಯ. ಪೆಟ್ಟು ತಿಂದೇ ಕಲಿತದ್ದು.

ಮೊದಲ ಸಲ ನಾವು ಇಟ್ಟ ಹೆಸರು 'ಶೂರ ಶಾರ್ದೂಲ'. ಎರಡಕ್ಕೂ ಶಕಾರ, ಕೇಳಲು ಗಂಭೀರ. ಮೈದಾನದಲ್ಲಿ ಪುಟ್ಟ ಮಕ್ಕಳ ಬಾಯಿಂದ ಬಂದದ್ದು 'ಸೂಲ ಸಾದೂಲ'. ಎರಡು ಸಲ ಕೂಗಿ ಸುಮ್ಮನಾದರು. ನಮ್ಮದು ಕಾಸರಗೋಡಿನ ಕಡೆಯ ಶಾಲೆ. ಒಂದೇ ಅಂಗಳದಲ್ಲಿ ಮಲಯಾಳ ಮಾಧ್ಯಮವೂ ಇದೆ. ಆಚೆ ಸಾಲಿನ ಕೂಗು ಜೋರಾಯಿತು, ನಮ್ಮ ಮಕ್ಕಳೂ ಅದನ್ನೇ ಕೂಗತೊಡಗಿದರು. ತಪ್ಪು ಅವರದಲ್ಲ. ಅವರ ಬಾಯಿಗೆ ಒಗ್ಗುವ ಕನ್ನಡವನ್ನು ನಾವು ಕೊಟ್ಟಿರಲಿಲ್ಲ.

ಪ, ಬ, ಮ, ತ, ನ, ಕ ಇವು ಮಕ್ಕಳಿಗೆ ಬೇಗ ಒಲಿಯುವ ಅಕ್ಷರಗಳು. ರ, ಳ, ಶ, ಮಹಾಪ್ರಾಣ, ವಿಜಾತೀಯ ಒತ್ತಕ್ಷರ ಇವು ನಿಧಾನ. ಹೆಸರಿನ ಎರಡೂ ಪದ ಒಂದೇ ಅಕ್ಷರದಿಂದ ಶುರುವಾಗಬೇಕು ಅಂದಮೇಲೆ ಆ ಅಕ್ಷರ ಕಷ್ಟದ್ದಾದರೆ ಮಗು ಎರಡು ಕಡೆಯೂ ಎಡವುತ್ತದೆ. ಆದ್ದರಿಂದ ಮೊದಲು ಅಕ್ಷರ ಆರಿಸಬೇಕು, ಆಮೇಲೆ ಪ್ರಾಣಿ. ನಾವು ಮಾಡಿದ್ದು ತಿರುಗುಮುರುಗು.

ಮುಂದಿನ ವರ್ಷ ಮೂರು ಹೆಸರು ಬಂದವು. ಒಬ್ಬರು 'ಚಾಂಪಿಯನ್ ಚೀತಾ' ಅಂದರು. 'ನ್' ಎಂದು ನಿಲ್ಲುವ ಪದವನ್ನು ಎಳೆದು ಕೂಗಲು ಆಗುವುದಿಲ್ಲ. ಮಕ್ಕಳು ತಾವೇ ಒಂದು ಉಕಾರ ಸೇರಿಸಿ 'ಚಾಂಪಿಯನ್ನು' ಮಾಡಿದರು, ತಾಳ ತಪ್ಪಿತು. ಎರಡನೆಯದು 'ಪುಟ್ಟ ಪಟ್ಟೆಹುಲಿ'. ಬಾಯಿಗೆ ಸುಲಭವಾಗಿಯೇ ಬಂತು. ಆದರೆ ಬೇಗ ಬೇಗ ಕೂಗುವಾಗ 'ಹುಲಿ' ಉದುರಿಹೋಗಿ 'ಪುಟ್ಟ ಪಟ್ಟೆ' ಮಾತ್ರ ಉಳಿಯಿತು. ಮಲಯಾಳದಲ್ಲಿ 'ಪಟ್ಟಿ' ಅಂದರೆ ನಾಯಿ! ಆಚೆ ಸಾಲಿನವರು ನಕ್ಕರೆ ನಮ್ಮ ಮಕ್ಕಳು ಮತ್ತೆ ಬಾಯಿ ತೆರೆಯುವುದಿಲ್ಲ. ತುಳು, ಮಲಯಾಳ, ಕೊಂಕಣಿ, ಮರಾಟಿ, ಬ್ಯಾರಿ ಮನೆಮಾತಿನ ಮಕ್ಕಳು ಒಟ್ಟಿಗೆ ಕೂರುವ ಗಡಿಯ ಶಾಲೆಯಲ್ಲಿ ಈ ಪರೀಕ್ಷೆಯನ್ನು ಬಿಡಲೇಬಾರದು.

ಮೂರನೆಯದು 'ಕುಪ್ಪು ಕಪ್ಪೆ'. ಚಿಕ್ಕವರಿಗೆ ಕಪ್ಪೆ ಜಿಗಿತದ ಸ್ಪರ್ಧೆ ಇದ್ದೇ ಇರುತ್ತದೆ, ಕುಪ್ಪಳಿಸುವುದರಿಂದ ಕುಪ್ಪು. ಇದರಲ್ಲಿ ಇರುವುದು ಕ ಮತ್ತು ಪ ಎರಡೇ ವ್ಯಂಜನ. ಮೊದಲಕ್ಷರವೂ ಕೂಡುತ್ತದೆ, ಎರಡನೆಯ ಅಕ್ಷರ 'ಪ್ಪ' ಕೂಡ ಕೂಡುತ್ತದೆ. ನಮ್ಮ ಹಳೆಯ ಕಾವ್ಯಗಳ ಆದಿಪ್ರಾಸವೂ ಈ ಎರಡನೆಯ ಅಕ್ಷರದ್ದೇ ತಾನೇ? ಮಾತ್ರೆ ಎಣಿಸಿದರೆ ಮೂರು, ಮೂರು. ಕೂಗುವಾಗ ಕೊನೆಯ ಸ್ವರ ತಾನಾಗಿ ಎಳೆದು 'ಕುಪ್ಪೂ ಕಪ್ಪೇ' ಆಗುತ್ತದೆ, ಅಂದರೆ ನಾಲ್ಕು, ನಾಲ್ಕು. ನಾಲ್ಕು ಚಪ್ಪಾಳೆಗೆ ಸರಿಯಾಗಿ ಕೂರುತ್ತದೆ.

ಒಂದನೇ ತರಗತಿಯಲ್ಲಿ ಒಮ್ಮೆ ಮಾತ್ರ ಹೇಳಿಕೊಟ್ಟು, ಹತ್ತು ಸಲ ಕೂಗಿಸಿ ನೋಡಿದೆವು. ಹತ್ತನೆಯ ಸಲವೂ ಹೆಸರು ಕೆಡಲಿಲ್ಲ. ಒಬ್ಬ ಹುಡುಗನಿಗೆ ಕ ಬರುವುದಿಲ್ಲ, ಅವನು 'ತುಪ್ಪು ತಪ್ಪೆ' ಅಂದ. ನೋಡಿ, ತಪ್ಪು ಎರಡೂ ಕಡೆ ಒಂದೇ ರೀತಿ ಬಿದ್ದದ್ದರಿಂದ ಅವನ ಪ್ರಾಸವೂ ಕೆಡಲಿಲ್ಲ, ತಾಳವೂ ಕೆಡಲಿಲ್ಲ! ಯಾರೂ ಅವನತ್ತ ತಿರುಗಿ ನೋಡಲಿಲ್ಲ. ಮಲಯಾಳದಲ್ಲಿ 'ಕಪ್ಪ' ಅಂದರೆ ಮರಗೆಣಸು. ಅದಕ್ಕೆ ಒಂದು ನಗು ಬರಬಹುದು, ಅವಮಾನ ಬಾರದು.

ದೊಡ್ಡ ಕೂಟಗಳ ಹೆಸರನ್ನೇ ನೋಡಿ. 1982ರ ದೆಹಲಿ ಏಷ್ಯನ್ ಗೇಮ್ಸ್‌ನ ಆನೆ ಅಪ್ಪು. 2015ರಲ್ಲಿ ಕೇರಳದಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದ ಮಂಗಟ್ಟೆ ಹಕ್ಕಿ ಅಮ್ಮು. 2024ರ ಕೊಚ್ಚಿ ಶಾಲಾ ಕ್ರೀಡಾಮೇಳದ ಅಳಿಲು ತಕ್ಕುಡು. ಮೂರರಲ್ಲೂ ನಡುವೆ ಒಂದು ದ್ವಿತ್ವ, ಕೊನೆಗೆ ಉಕಾರ. ಅಪ್ಪ, ಅಮ್ಮ, ಅಕ್ಕ, ಅಜ್ಜಿ ಎಂಬ ಮಕ್ಕಳ ಮೊದಲ ಮಾತುಗಳಲ್ಲಿಯೂ ಇದೇ ದ್ವಿತ್ವ ಇದೆ.

ಆಟೋಟದ ದಿನ ಕುಪ್ಪು ಕಪ್ಪೆಯ ಕೂಗು ಮೊದಲ ಓಟದಿಂದ ಕೊನೆಯ ರಿಲೇವರೆಗೆ ನಿಲ್ಲಲಿಲ್ಲ. ಮಧ್ಯಾಹ್ನ ಊಟದ ಸಾಲಿನಲ್ಲಿ ಆಚೆ ಮಾಧ್ಯಮದ ಮಕ್ಕಳೂ ತಟ್ಟೆ ಬಡಿಯುತ್ತಾ ಅದನ್ನೇ ಕೂಗುತ್ತಿದ್ದರು. ಆ ಸಲ ನಮ್ಮ ಮಕ್ಕಳು ಸುಮ್ಮನಾಗಲಿಲ್ಲ.