ಫ್ರಿಜ್ ಶುರುವಾದಾಗ ದೀಪ ಮಂಕಾಗುವುದೇಕೆ?

ರಾತ್ರಿ ಓದುತ್ತ ಕುಳಿತಿದ್ದೀರಿ. ಅಡುಗೆಮನೆಯಲ್ಲಿ ಫ್ರಿಜ್ ‘ಗುರ್’ ಎಂದು ಶುರುವಾಗುತ್ತದೆ. ಅದೇ ಕ್ಷಣ ದೀಪ ಒಮ್ಮೆ ಮಂಕಾಗಿ ಮತ್ತೆ ಬೆಳಗುತ್ತದೆ. ಏಕೆ ಹೀಗೆ?

ಫ್ರಿಜ್‌ನ ಕಂಪ್ರೆಸರನ್ನು ನಡೆಸುವುದು ಒಂದು ಮೋಟಾರು. ಓಡುತ್ತಿರುವ ಮೋಟಾರು ತನ್ನೊಳಗೇ ಎದುರು ವೋಲ್ಟೇಜು ಹುಟ್ಟಿಸಿ, ಬರುವ ವಿದ್ಯುತ್ತಿಗೆ ಕಡಿವಾಣ ಹಾಕುತ್ತದೆ. ನಿಂತಿರುವ ಮೋಟಾರಿನಲ್ಲಿ ಈ ಕಡಿವಾಣ ಇರುವುದಿಲ್ಲ. ಆದ್ದರಿಂದ ಓಡುವಾಗ 1 ಆಂಪಿಯರ್ ಬಳಸುವ ಫ್ರಿಜ್, ಶುರುವಾಗುವಾಗ ಅರೆಕ್ಷಣ 8 ಆಂಪಿಯರ್‌ನಷ್ಟು ಎಳೆಯಬಹುದು. ಮೆಲ್ಲಗೆ ವೇಗ ಹೆಚ್ಚಿಸಿಕೊಳ್ಳುವ ಇನ್ವರ್ಟರ್ ಫ್ರಿಜ್‌ಗಳಲ್ಲಿ ಈ ಎಳೆತ ಬಹಳ ಕಡಿಮೆ.

ಈಗ ಸಣ್ಣದೊಂದು ಲೆಕ್ಕ. ಫ್ರಿಜ್‌ಗೂ ದೀಪಕ್ಕೂ ಒಂದೇ ತಂತಿ, 1.5 ಚದರ ಮಿಲಿಮೀಟರಿನ ತಾಮ್ರದ್ದು. ಹೋಗಿ ಬರಲು ಒಟ್ಟು 40 ಮೀಟರ್. ಇದರ ರೋಧ ಸುಮಾರು ಅರ್ಧ ಓಮ್. ಓಮನ ನಿಯಮದಂತೆ 8 × 0.5 = 4 ವೋಲ್ಟ್ ತಂತಿಯಲ್ಲೇ ಕಳೆದುಹೋಗಿ, ದೀಪಕ್ಕೆ 230ರ ಬದಲು 226 ವೋಲ್ಟ್ ಸಿಗುತ್ತದೆ. ಹಳೆಯ ತಂತಿಬಲ್ಬು ಇಷ್ಟಕ್ಕೇ ತುಸು ಮಿಟುಕುತ್ತದೆ. ಇದಕ್ಕೆ ಹೆದರಬೇಕಿಲ್ಲ.

ಆದರೆ ಎಲ್ಲೋ ಒಂದು ಸ್ಕ್ರೂ ಸಡಿಲವಾಗಿ ಇನ್ನೂ 2 ಓಮ್ ರೋಧ ಸೇರಿಕೊಂಡಿದೆ ಎನ್ನಿ. ಆಗ ಕಳೆಯುವುದು 20 ವೋಲ್ಟ್. ದೀಪ ಎದ್ದು ಕಾಣುವಂತೆ ಕುಗ್ಗುತ್ತದೆ. ಆ ಸ್ಕ್ರೂ ಮೇನ್ ಸ್ವಿಚ್ಚಿನಲ್ಲಿದ್ದರೆ ಗೀಸರಿನ ವಿದ್ಯುತ್ತೂ ಅದನ್ನೇ ಹಾದು ಹೋಗಬೇಕು. ಗೀಸರ್ 8 ಆಂಪಿಯರ್ ಎಳೆಯುವಷ್ಟು ಹೊತ್ತೂ ಆ ಪುಟ್ಟ ಜಾಗದಲ್ಲಿ 8 × 8 × 2 = 128 ವಾಟ್ ಶಾಖ ಹುಟ್ಟುತ್ತದೆ. ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತಲು ಅಷ್ಟು ಸಾಕು.

ದೋಷ ಎಲ್ಲಿದೆ ಎಂಬುದನ್ನು ದೀಪಗಳೇ ಹೇಳುತ್ತವೆ. ಅಡುಗೆಮನೆಯ ದೀಪ ಮಾತ್ರ ಮಂಕಾದರೆ, ದೋಷ ಆ ಕಡೆಗೆ ಹೋಗುವ ತಂತಿಯಲ್ಲಿ ಇಲ್ಲವೇ ಅದರ ಜೋಡಣೆಯಲ್ಲಿ. ಮನೆಯ ದೀಪಗಳೆಲ್ಲ ಮಂಕಾದರೆ ಮೇನ್ ಸ್ವಿಚ್, ಮೀಟರ್ ಅಥವಾ ಕಂಬದಿಂದ ಬರುವ ತಂತಿಯನ್ನು ನೋಡಿಸಬೇಕು. ಪಕ್ಕದ ಮನೆಯಲ್ಲೂ ಅದೇ ಕ್ಷಣ ಮಂಕಾದರೆ ಬೀದಿಯ ಲೈನೇ ದುರ್ಬಲ. ಕೆಲವು ಎಲ್‌ಇಡಿ ಬಲ್ಬುಗಳು ವೋಲ್ಟೇಜು ಇಳಿದರೂ ಒಂದೇ ಸಮ ಉರಿಯುವುದರಿಂದ, ಈ ಪರೀಕ್ಷೆಗೆ ತಂತಿಬಲ್ಬೇ ವಾಸಿ.

ಮೂರು ಫೇಸಿನ ಮನೆಯಲ್ಲಿ ಒಂದು ಕೋಣೆಯ ದೀಪ ಮಂಕಾಗಿ ಇನ್ನೊಂದು ಕೋಣೆಯದು ಹೆಚ್ಚು ಬೆಳಗಿತೇ? ಹಾಗಾದರೆ ನ್ಯೂಟ್ರಲ್ ತಂತಿ ಸಡಿಲವಾಗಿರುವ ಸಂಭವ ಹೆಚ್ಚು. ಅದು ಪೂರ್ತಿ ಕಳಚಿದರೆ ಕೆಲವು ಪ್ಲಗ್ಗುಗಳಿಗೆ 300 ವೋಲ್ಟಿಗೂ ಮೀರಿ ಹರಿದು ಟಿ.ವಿ., ಫ್ರಿಜ್ ಸುಟ್ಟುಹೋಗಬಹುದು. ತಕ್ಷಣ ಮೇನ್ ಸ್ವಿಚ್ ಆರಿಸಿ, ವಿದ್ಯುತ್ ಕಚೇರಿಗೆ ತಿಳಿಸಿ.

ಗಮನಿಸುವ ಕೆಲಸ ವಿದ್ಯಾರ್ಥಿಗಳದು. ಪೆಟ್ಟಿಗೆ ಬಿಚ್ಚಿ ಸ್ಕ್ರೂ ಬಿಗಿಮಾಡುವ ಕೆಲಸ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್‌ನದು.