ತನಖಾ ಪತ್ರ ತನಿಖಾ ಪತ್ರವಾದಾಗ

ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಎದ್ದ ಮೇಲೆ ಪಕ್ಕದ ವಡ್ಡು ಮತ್ತು ಆ ಸುತ್ತಿನ ಹೊಲಗಳಿಗೆ ಬೆಲೆ ಬಂತು. ಬೆಲೆಯ ಹಿಂದೆಯೇ ಟ್ರಂಕಿನ ತಳದಲ್ಲಿದ್ದ ಅಜ್ಜ ಮುತ್ತಜ್ಜರ ಕಾಲದ ಪತ್ರಗಳೂ ಹೊರಗೆ ಬಂದವು. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಹಾಗಾಗಿ ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯ ವಕೀಲರ ಮೇಜಿಗೆ ಬರುವ ಹಳೆಯ ಪತ್ರ ಕನ್ನಡದ್ದೇ ಆಗಿರಬೇಕೆಂದೇನಿಲ್ಲ, ತೆಲುಗಿನದೂ ಇರುತ್ತದೆ, ಇಂಗ್ಲಿಷಿನದೂ ಇರುತ್ತದೆ. ದಾವೆ ಹೂಡುವಾಗ ಅದರ ಜೊತೆ ಕನ್ನಡ ಭಾಷಾಂತರ ಬೇಕು. ಆ ಕೆಲಸ ಬಹುತೇಕ ತೆಲುಗು ಬಲ್ಲ ಒಬ್ಬ ಗುಮಾಸ್ತನಿಗೋ ಪತ್ರ ಬರಹಗಾರನಿಗೋ ನಿವೃತ್ತ ಮೇಷ್ಟರಿಗೋ ಹೋಗುತ್ತದೆ.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಭಾಷಾಂತರ ಮಾಡುವವನು ಪತ್ರವನ್ನು ಎಷ್ಟರ ಮಟ್ಟಿಗೆ ಅರ್ಥ ಮಾಡಿಸಬೇಕು? ಓದುವವರಿಗೆ ತಿಳಿಯಾಗಲಿ ಎಂದು ಗಂಟುಗಳನ್ನು ಬಿಡಿಸಿ ಕೊಡಬೇಕೆ, ಅಥವಾ ಗಂಟನ್ನು ಗಂಟಾಗಿಯೇ ದಾಟಿಸಬೇಕೆ? ಕೋರ್ಟಿಗೆ ಹೋಗುವ ಪತ್ರದ ಮಟ್ಟಿಗೆ ನನ್ನ ಉತ್ತರ ಎರಡನೆಯದು. ಅದು ಯಾಕೆಂದು ತೋರಿಸಲು ಉದಾಹರಣೆಗೊಂದು ಪತ್ರವನ್ನು ಕಟ್ಟಿಕೊಳ್ಳುತ್ತೇನೆ. ವ್ಯಕ್ತಿಗಳು ಕಲ್ಪಿತ, ಆದರೆ ಇಂಥ ಒಕ್ಕಣೆ ಆ ಕಾಲದ ತೆಲುಗು ಪತ್ರಗಳಿಗೆ ಸಹಜವಾದದ್ದು.

ಫಸಲಿ 1355ರಲ್ಲಿ ಒಬ್ಬ ರೈತ 400 ರೂಪಾಯಿ ಸಾಲ ಪಡೆದು 4 ಎಕರೆ 50 ಸೆಂಟ್ ಮೆಟ್ಟ ಭೂಮಿಯನ್ನು ಸಾಲ ಕೊಟ್ಟವನ ಕೈಗೆ ಒಪ್ಪಿಸಿದ್ದಾನೆ. ಪತ್ರದ ತಲೆಬರಹ ‘ಸ್ವಾಧೀನ ತನಖಾ ದಸ್ತಾವೇಜು’. ಬಡ್ಡಿಗೆ ಬದಲಾಗಿ ಸಾಲ ಕೊಟ್ಟವನು ಫಸಲು ಅನುಭವಿಸಬೇಕು, ಶಿಸ್ತು ಅವನೇ ಕಟ್ಟಬೇಕು. ಐದು ವರ್ಷ ಕಳೆದ ಮೇಲೆ ಅಸಲು ಕೊಟ್ಟರೆ ಭೂಮಿ ಬಿಟ್ಟುಕೊಡಬೇಕು. ಕೊನೆಯಲ್ಲಿ ಒಂದು ಸಾಲು: ಗಡುವಿಗೆ ಹಣ ಸಲ್ಲಿಸದಿದ್ದರೆ ಇದನ್ನೇ ಕ್ರಯ ದಸ್ತಾವೇಜೆಂದು ಭಾವಿಸತಕ್ಕದ್ದು. ಹಣ ಮರಳಿ ಕೊಟ್ಟಿಲ್ಲ. ಈಗ ರೈತನ ಮೊಮ್ಮಕ್ಕಳು ಭೂಮಿ ಬಿಡಿಸಿಕೊಳ್ಳಲು ದಾವೆ ಹಾಕಲಿದ್ದಾರೆ.

ತೆಲುಗಿನಲ್ಲಿ ತನಖಾ ಎಂದರೆ ಅಡಮಾನ. ಕನ್ನಡದ ಕಿವಿಗೆ ಅದು ತನಿಖೆಯಂತೆ ಕೇಳುತ್ತದೆ. ಭಾಷಾಂತರಕಾರ ಸರಿಯಾಗಿ ‘ತನಖಾ’ ಎಂದೇ ಬರೆದರೂ ಡಿಟಿಪಿ ಮಾಡುವವರು ಕಾಗುಣಿತದ ತಪ್ಪೆಂದು ತಿಳಿದು ‘ತನಿಖಾ’ ಮಾಡಿಬಿಡಬಹುದು. ಶಿಸ್ತು ಎಂದರೆ ಅಲ್ಲಿ ಭೂಕಂದಾಯ, ನಮ್ಮ ಇವತ್ತಿನ ಮಾತಿನಲ್ಲಿ ನಡವಳಿಕೆ. ಮೆಟ್ಟ ಎಂದರೆ ಮಳೆಯಾಶ್ರಿತ ಭೂಮಿ, ನಮ್ಮ ಪಹಣಿಯ ಭಾಷೆಯಲ್ಲಿ ಖುಷ್ಕಿ. ಇಂಥ ತಪ್ಪುಗಳು ಕಣ್ಣಿಗೆ ರಾಚುತ್ತವೆ, ಯಾರಾದರೂ ಹಿಡಿಯುತ್ತಾರೆ. ನನಗೆ ಹೆಚ್ಚು ಭಯವಿರುವುದು ಚೆನ್ನಾಗಿ ಓದಿಸಿಕೊಂಡು ಹೋಗುವ ತಪ್ಪುಗಳ ಬಗ್ಗೆ.

ತಲೆಬರಹವನ್ನೇ ನೋಡಿ. ಕೊನೆಯ ಸಾಲನ್ನು ಓದಿಕೊಂಡ ಭಾಷಾಂತರಕಾರನಿಗೆ, ಇದು ಒಳಗಿನಿಂದ ಮಾರಾಟವೇ ಅಲ್ಲವೇ ಅನ್ನಿಸಬಹುದು. ‘ಷರತ್ತಿನ ಕ್ರಯಪತ್ರ’ ಎಂದು ಬರೆಯುತ್ತಾನೆ. ವಾಕ್ಯ ಚೆನ್ನಾಗಿದೆ, ಓದುವವರಿಗೆ ತೊಡಕಿಲ್ಲ. ಆದರೆ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 58ನೇ ಕಲಂ ಆರು ಬಗೆಯ ಅಡಮಾನಗಳನ್ನು ಬೇರೆಬೇರೆಯಾಗಿ ಹೇಳುತ್ತದೆ. ಸ್ವಾಧೀನ ಕೊಟ್ಟು, ಫಸಲನ್ನು ಬಡ್ಡಿಗೆ ವಜಾ ಹಾಕಿಕೊಳ್ಳುವುದು ಭೋಗ್ಯದ ಅಡಮಾನ. ಮೇಲುನೋಟಕ್ಕೆ ಮಾರಿದಂತೆ ಮಾಡಿ, ಹಣ ಕೊಟ್ಟರೆ ಮಾರಾಟ ರದ್ದು ಎನ್ನುವುದು ಷರತ್ತಿನ ಮಾರಾಟದ ಅಡಮಾನ. ಇವೆರಡರ ನಡುವಿನ ಅಂತರ ಮೊಮ್ಮಕ್ಕಳ ಪಾಲಿಗೆ ಭೂಮಿ ಇದೆಯೋ ಇಲ್ಲವೋ ಎಂಬಷ್ಟು ದೊಡ್ಡದು. 1963ರ ಕಾಲಮಿತಿ ಅಧಿನಿಯಮದಲ್ಲಿ ಅಡಮಾನ ಬಿಡಿಸಿಕೊಳ್ಳುವ ದಾವೆಗೆ 30 ವರ್ಷದ ಮಿತಿ ಇದೆ. ಷರತ್ತಿನ ಮಾರಾಟವೆಂದಾದರೆ ಬಿಡಿಸಿಕೊಳ್ಳುವ ಹಕ್ಕು ಹುಟ್ಟಿದ ದಿನದಿಂದ ಎಣಿಕೆ, ಆ ಗಡುವು ಎಂದೋ ಮುಗಿದಿದೆ. ಭೋಗ್ಯದ ಅಡಮಾನಕ್ಕೆ ಆ ಎಣಿಕೆ ಹಾಗೆ ಅನ್ವಯಿಸುವುದಿಲ್ಲವೆಂದು, ಅಸಲು ಫಸಲಿನಿಂದ ತೀರಿದಾಗ ಅಥವಾ ಹಣ ಸಲ್ಲಿಸಿದಾಗ ಮಾತ್ರ ಕಾಲ ಶುರುವಾಗುತ್ತದೆಂದು ಸುಪ್ರೀಂ ಕೋರ್ಟು 2014ರಲ್ಲಿ ಸಿಂಗ್ ರಾಮ್ ಪ್ರಕರಣದಲ್ಲಿ ಹೇಳಿತು. ತಲೆಬರಹದ ಎರಡು ಪದ ಬದಲಾದರೆ, ಬದುಕಿರುವ ದಾವೆ ಮೊದಲ ಪುಟದಲ್ಲೇ ಸತ್ತಂತೆ ಕಾಣುತ್ತದೆ.

ಹಾಗಾದರೆ ಕೊನೆಯ ಸಾಲನ್ನು ಏನು ಮಾಡಬೇಕು? ಅಡಮಾನವನ್ನು ಗಡುವು ಮೀರಿದೊಡನೆ ಮಾರಾಟ ಮಾಡಿಬಿಡುವ ಇಂಥ ಷರತ್ತನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ, ಬಿಡಿಸಿಕೊಳ್ಳುವ ಹಕ್ಕಿಗೆ ಹಾಕಿದ ತಡೆಯೆಂದು ತಳ್ಳಿಹಾಕುತ್ತವೆ. ಅದನ್ನು ಬಲ್ಲ ಭಾಷಾಂತರಕಾರ ರೈತನ ಕಡೆಯವನಾಗಿದ್ದರೆ ಆ ಸಾಲನ್ನು ಸ್ವಲ್ಪ ಮೆದುಗೊಳಿಸುವ ಆಸೆ ಬರುತ್ತದೆ: ‘ಕ್ರಯಕ್ಕೆ ಒಪ್ಪಬಹುದು’. ಎದುರು ಕಡೆಯವನಾದರೆ ಬಿಗಿಗೊಳಿಸುತ್ತಾನೆ: ‘ಭೂಮಿಯು ಖಾಯಂ ಆಗಿ ವರ್ಗವಾಗಿದೆ’. ಎರಡೂ ತಪ್ಪು. ‘ಇದನ್ನೇ ಕ್ರಯ ದಸ್ತಾವೇಜೆಂದು ಭಾವಿಸತಕ್ಕದ್ದು’ ಎಂಬುದರಲ್ಲಿರುವ ‘ಭಾವಿಸತಕ್ಕದ್ದು’ ಎಂಬ ಮಾತೇ ಅದು ಈಗ ಕ್ರಯವಲ್ಲ ಎಂಬುದನ್ನೂ ಹೇಳುತ್ತದೆ, ಮುಂದೆ ಹಾಗೆ ಎಣಿಸಬೇಕೆಂಬ ಒತ್ತಾಯವನ್ನೂ ಹೇಳುತ್ತದೆ. ಆ ಇಬ್ಬಗೆ ಮೂಲದಲ್ಲಿದೆ. ಅದನ್ನು ಬಿಡಿಸುವ ಅಧಿಕಾರ ನ್ಯಾಯಾಧೀಶರದು. ಭಾಷಾಂತರದಲ್ಲಿ ಆ ಇಬ್ಬಗೆ ಕಳೆದುಹೋದರೆ, ವಿಚಾರಣೆಯೇ ಇಲ್ಲದೆ ಮೇಜಿನ ಮುಂದೆ ಕೂತ ಒಬ್ಬರು ತೀರ್ಪು ಕೊಟ್ಟಂತಾಗುತ್ತದೆ.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಕನ್ನಡದಲ್ಲಿ ಕೋರ್ಟು ನಡೆಯಬೇಕೆಂದು ನಾವು ಕೇಳಿದ್ದು ಕಕ್ಷಿದಾರನಿಗೆ ತನ್ನ ವ್ಯಾಜ್ಯ ತಿಳಿಯಲಿ ಎಂದು. ದಸ್ತಾವೇಜು, ತನಖಾ, ಫಸಲಿ ಎಂದೇ ಬರೆದರೆ ವಡ್ಡಿನ ರೈತನಿಗೆ ಇಂಗ್ಲಿಷಿಗಿಂತ ಇದು ಯಾವ ರೀತಿಯಲ್ಲಿ ಮೇಲು? ಈ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ತಿಳಿಸಿ ಹೇಳಲು ಬೇರೆ ಜಾಗವಿದೆ. ದಾವಾಪತ್ರದಲ್ಲಿ ಈ ಪತ್ರ ಭೋಗ್ಯದ್ದೆಂದು ನಾವು ವಾದಿಸುತ್ತೇವೆ ಎಂದು ತಿಳಿಗನ್ನಡದಲ್ಲಿ ಬರೆಯಬಹುದು, ವಕೀಲರು ಕಕ್ಷಿದಾರನನ್ನು ಕೂರಿಸಿಕೊಂಡು ವಿವರಿಸಬಹುದು. ಅಲ್ಲಿ ಬರೆದದ್ದು ವಾದವೆಂದು ಎಲ್ಲರಿಗೂ ಗೊತ್ತಿರುತ್ತದೆ, ಎದುರಿನವರು ಅಲ್ಲಗಳೆಯುತ್ತಾರೆ. ಅದೇ ವಾದ ಭಾಷಾಂತರದೊಳಗೆ ನುಸುಳಿದರೆ ಅದು ಪತ್ರದ ಮಾತೆಂದೇ ಓದಿಸಿಕೊಳ್ಳುತ್ತದೆ, ಅಲ್ಲಗಳೆಯಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಎಷ್ಟೋ ಸಲ ತೊಡಕು ಮೂಲದ ಪದದಲ್ಲಲ್ಲ, ನಮ್ಮ ಕನ್ನಡ ಪದದಲ್ಲೇ ಇರುತ್ತದೆ. ‘ಸಾಲಗಾರ’ ಎಂದರೆ ಸಾಲ ಪಡೆದವನೂ ಹೌದು, ‘ಸಾಲಗಾರರ ಕಾಟ’ ಎಂದಾಗ ಸಾಲ ಕೊಟ್ಟವನೂ ಹೌದು. ಸಂಡೂರಿನಲ್ಲಿ ಇದಕ್ಕಿಂತ ದುಬಾರಿಯಾದ ಪದ ಗುತ್ತಿಗೆ. ಗಣಿಯ ಲೀಸಿಗೂ ಗುತ್ತಿಗೆ ಅನ್ನುತ್ತೇವೆ, ಕೆಲಸ ವಹಿಸಿಕೊಳ್ಳುವ ಕಂಟ್ರಾಕ್ಟಿಗೂ ಗುತ್ತಿಗೆ ಅನ್ನುತ್ತೇವೆ. ಲೀಸು ಪಡೆದವರು ಅದಿರು ತೆಗೆಯುವ ಕೆಲಸವನ್ನು ಇನ್ನೊಬ್ಬರಿಗೆ ವಹಿಸುವ ಒಪ್ಪಂದಕ್ಕೆ ಇಲ್ಲಿ ರೈಸಿಂಗ್ ಕಂಟ್ರಾಕ್ಟ್ ಎಂದೇ ಹೆಸರು. ಹಿಂದೆ ಜಾರಿಯಲ್ಲಿದ್ದ 1960ರ ಖನಿಜ ರಿಯಾಯಿತಿ ನಿಯಮಗಳ 37ನೇ ನಿಯಮದಂತೆ, ರಾಜ್ಯ ಸರ್ಕಾರದ ಲಿಖಿತ ಪೂರ್ವಾನುಮತಿ ಇಲ್ಲದೆ ಲೀಸನ್ನು ವರ್ಗಾಯಿಸುವಂತಿರಲಿಲ್ಲ, ಒಳಲೀಸು ಕೊಡುವಂತಿರಲಿಲ್ಲ, ಗಣಿಯ ಹಿಡಿತ ಗಣನೀಯವಾಗಿ ಬೇರೆಯವರ ಕೈಗೆ ಹೋಗುವಂಥ ಒಪ್ಪಂದವನ್ನೂ ಮಾಡಿಕೊಳ್ಳುವಂತಿರಲಿಲ್ಲ. ಬಳ್ಳಾರಿ ಗಣಿಗಳ ಬಗ್ಗೆ ಲೋಕಾಯುಕ್ತರು 2011ರಲ್ಲಿ ಕೊಟ್ಟ ವರದಿಯ ನಂತರ ಸುಪ್ರೀಂ ಕೋರ್ಟಿನವರೆಗೆ ಹೋದ ಚರ್ಚೆಯಲ್ಲಿ ಇದೂ ಒಂದು ಎಳೆ: ಕೆಲಸದ ಒಪ್ಪಂದ ಎಲ್ಲಿ ಮುಗಿದು ಒಳಲೀಸು ಎಲ್ಲಿ ಶುರುವಾಗುತ್ತದೆ? ಇಂಥ ಇಂಗ್ಲಿಷ್ ಒಪ್ಪಂದವನ್ನು ಕನ್ನಡಕ್ಕೆ ತರುವಾಗ ಮೊದಲನೆಯವರನ್ನೂ ಗುತ್ತಿಗೆದಾರ, ಎರಡನೆಯವರನ್ನೂ ಗುತ್ತಿಗೆದಾರ ಎಂದರೆ, ತೀರ್ಮಾನವಾಗಬೇಕಾದ ಪ್ರಶ್ನೆಯೇ ಅಳಿಸಿಹೋಗುತ್ತದೆ. ಒಬ್ಬರನ್ನು ಲೀಸುದಾರ, ಇನ್ನೊಬ್ಬರನ್ನು ರೈಸಿಂಗ್ ಕಂಟ್ರಾಕ್ಟರ್ ಎಂದು ಕೊನೆಯವರೆಗೂ ಬರೆಯುವುದು ಅಚ್ಚಗನ್ನಡವಲ್ಲ. ಆದರೂ ಬಳ್ಳಾರಿಯ ಜನ ಆಡುವ ಕನ್ನಡ ಅದೇ, ಅರ್ಥ ಕಾಪಾಡುವುದೂ ಅದೇ.

ನಮ್ಮ ತೆಲುಗು ಪತ್ರಕ್ಕೆ ಮರಳಿದರೆ, ಕೆಲಸ ಹೀಗೆ ಸಾಗಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಪಡೆದ ದೃಢೀಕೃತ ನಕಲನ್ನು ಮುಂದಿಟ್ಟುಕೊಂಡು, ಮೊದಲು ಪತ್ರದಲ್ಲಿ ಕಾನೂನಿನ ಭಾರ ಹೊತ್ತ ಪದಗಳನ್ನಷ್ಟೇ ಬೇರೆ ಹಾಳೆಗೆ ಬರೆದುಕೊಳ್ಳುವುದು. ಒಂದೊಂದಕ್ಕೂ ಒಂದೇ ಕನ್ನಡ ಪದ ಗೊತ್ತುಮಾಡಿ, ಅದನ್ನು ಎಲ್ಲಿಯೂ ಬದಲಿಸದಿರುವುದು. ಶಾಲೆಯಲ್ಲಿ ಒಂದೇ ಪದ ಮತ್ತೆ ಮತ್ತೆ ಬಂದರೆ ಚೆಂದವಲ್ಲವೆಂದು ಕಲಿತಿರುತ್ತೇವೆ, ಇಲ್ಲಿ ಅಡಮಾನ ಒಮ್ಮೆ ಒತ್ತೆಯಾಗಿ ಇನ್ನೊಮ್ಮೆ ಗಿರವಿಯಾದರೆ ಎರಡು ಬೇರೆ ವ್ಯವಹಾರಗಳಿದ್ದವೆಂದು ಎದುರು ವಕೀಲರು ವಾದಿಸಬಹುದು. ಕೇಂದ್ರದ ಕಾನೂನಿನ ಕನ್ನಡ ಪಾಠ 1973ರ ಅಧಿಕೃತ ಪಾಠಗಳ ಅಧಿನಿಯಮದಡಿ ಪ್ರಕಟವಾಗಿದ್ದರೆ ಅದರ ಪದವನ್ನೇ ಹಿಡಿಯಬೇಕು. ಒಪ್ಪುವ ಪದ ಸಿಗದಿದ್ದಲ್ಲಿ ಮೂಲ ಪದವನ್ನು ಕನ್ನಡ ಲಿಪಿಯಲ್ಲಿ ಉಳಿಸಿ, ಪಕ್ಕದ ಆವರಣದಲ್ಲಿ ಅರ್ಥ ಕೊಟ್ಟು, ಅದು ಭಾಷಾಂತರಕಾರನದೆಂದು ಅಡಿಟಿಪ್ಪಣಿಯಲ್ಲಿ ಸ್ಪಷ್ಟವಾಗಿ ನಮೂದಿಸಬೇಕು. ತಲೆಬರಹ ‘ಸ್ವಾಧೀನ ತನಖಾ (ಸ್ವಾಧೀನ ಸಹಿತ ಅಡಮಾನ) ದಸ್ತಾವೇಜು’ ಆಗುತ್ತದೆ. ‘ಭೋಗ್ಯ’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಬಹುಶಃ ಅದು ಭೋಗ್ಯವೇ, ಆದರೆ ಆ ಮಾತು ದಾವಾಪತ್ರಕ್ಕೆ ಸೇರಿದ್ದು.

ಸಂಖ್ಯೆಗಳಿಗೂ ಇದೇ ನಿಯಮ. ಮದ್ರಾಸು ಲೆಕ್ಕದಲ್ಲಿ ಎಕರೆಗೆ 100 ಸೆಂಟ್, ನಮ್ಮಲ್ಲಿ 40 ಗುಂಟೆ. ‘4-50’ ಎಂಬುದನ್ನು ಅಭ್ಯಾಸಬಲದಿಂದ 4 ಎಕರೆ 50 ಗುಂಟೆ ಎಂದು ಬರೆದರೆ ಹೊಲ 5 ಎಕರೆ 10 ಗುಂಟೆಗೆ ಹಿಗ್ಗುತ್ತದೆ, ನಿಜವಾದ ವಿಸ್ತೀರ್ಣ 4 ಎಕರೆ 20 ಗುಂಟೆ. ಗುಂಟೆ 40 ದಾಟಿ ಕಂಡಲ್ಲೆಲ್ಲ ಅನುಮಾನಪಡಬೇಕು. ಫಸಲಿ 1355 ಎಂದರೆ 1945ರ ಜುಲೈಯಿಂದ 1946ರ ಜೂನ್‌ವರೆಗೆ. ಅದನ್ನು ಸುಮ್ಮನೆ 1945 ಎಂದು ಬರೆದರೆ ಆರು ತಿಂಗಳು ಕಾಣೆಯಾಗುತ್ತವೆ.

ಮುಗಿದ ಮೇಲೆ ತೆಲುಗು ಪತ್ರವನ್ನು ನೋಡಿರದ ಒಬ್ಬರ ಕೈಗೆ ಕನ್ನಡದ್ದನ್ನಷ್ಟೇ ಕೊಟ್ಟು, ಭೂಮಿ ಯಾರ ಕೈಯಲ್ಲಿದೆ, ಹಣ ಯಾರು ಯಾರಿಗೆ ಕೊಡಬೇಕು, ಕೊಡದಿದ್ದರೆ ಏನು ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ಅವರು ತಡವರಿಸದೆ ಉತ್ತರಿಸಿದರೆ ನಮ್ಮ ಕೆಲಸದಲ್ಲಿ ಎಲ್ಲೋ ಐಬಿದೆ, ಯಾಕೆಂದರೆ ಮೂಲವನ್ನು ಓದಿದವರು ಅಲ್ಲಿ ತಡವರಿಸಲೇಬೇಕು. ಋಣಭಾರ ಪತ್ರದಲ್ಲಿ ವ್ಯವಹಾರದ ಬಗೆ ಏನೆಂದು ನಮೂದಾಗಿದೆ ಎಂಬುದನ್ನೂ ಹೋಲಿಸಿ ನೋಡಬಹುದು, ಆದರೆ ಅದು ಕಚೇರಿಯವರು ಪತ್ರವನ್ನು ಓದಿಕೊಂಡ ಬಗೆಯೇ ಹೊರತು ಪತ್ರವಲ್ಲ.

ಇಷ್ಟು ನಿಗಾ ಯಾಕೆಂದರೆ ಪತ್ರದ ಪ್ರಯಾಣ ಸಂಡೂರಿನಲ್ಲೇ ನಿಲ್ಲದಿರಬಹುದು. ಮೇಲ್ಮನವಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋದರೆ ಅಲ್ಲಿನ ಭಾಷೆ ಇಂಗ್ಲಿಷ್. ಆಗ ಬಹಳ ಸಲ ಕಡತದಲ್ಲಿರುವ ಕನ್ನಡವನ್ನೇ ನೋಡಿಕೊಂಡು ಇಂಗ್ಲಿಷ್ ಮಾಡುತ್ತಾರೆ, ತೆಲುಗು ಮೂಲವನ್ನು ಮತ್ತೆ ತೆಗೆಯುವವರು ಕಡಿಮೆ. ಕಾನೂನಿನ ಕಣ್ಣಿನಲ್ಲಿ ಸಾಕ್ಷ್ಯವೆಂದರೆ ಮೂಲ ಪತ್ರ. ಬಳಕೆ ತಪ್ಪಿದ, ಪ್ರಾದೇಶಿಕವಾದ, ಪಾರಿಭಾಷಿಕವಾದ ಪದಗಳ ಅರ್ಥವೇನೆಂದು ಸಾಕ್ಷಿ ಹೇಳಿಸಲು 1872ರ ಸಾಕ್ಷ್ಯ ಅಧಿನಿಯಮದ 98ನೇ ಕಲಂ ಅವಕಾಶ ಕೊಟ್ಟಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ಅವಕಾಶ ಉಳಿದಿದೆ. ಆದರೆ ಅದನ್ನು ಬಳಸಬೇಕಾದರೆ, ಇಲ್ಲಿ ಅಂಥದೊಂದು ಪದ ಇತ್ತು ಎಂಬುದು ವಕೀಲರಿಗೂ ನ್ಯಾಯಾಧೀಶರಿಗೂ ಕನ್ನಡ ಪ್ರತಿಯಲ್ಲೇ ಕಾಣಬೇಕು. ‘ತನಖಾ’ ಆವರಣದ ಪಕ್ಕದಲ್ಲಿ ಉಳಿದಿದ್ದರೆ ತೆಲುಗು ಬಲ್ಲ ಹಳೆಯ ಪತ್ರ ಬರಹಗಾರರೊಬ್ಬರನ್ನು ಕರೆಸಿ ಕೇಳಬಹುದು. ಅದರ ಜಾಗದಲ್ಲಿ ‘ಷರತ್ತಿನ ಕ್ರಯ’ ಕೂತಿದ್ದರೆ, ಕೇಳಬೇಕಾದದ್ದು ಏನೋ ಇದೆ ಎಂಬ ಸುಳಿವೇ ಯಾರಿಗೂ ಸಿಗುವುದಿಲ್ಲ.